ಯಮಕ್ಕ ಬದುಕಿಸಿದ ಅಪ್ಪ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಯಮಕ್ಕ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಮುಖದ ಎದುರಿಗೇ. ಅವಳೂ ಏನೂ ಬೇಜಾರಿಲ್ಲದೆ ಓಗೊಡುತ್ತಿದ್ದಳು. ಹೆಸರು ಬಂದದ್ದಕ್ಕೆ ಕಾರಣ ಇತ್ತು. ಜಾಹೀರಾತು ಕಂಪನಿಯಲ್ಲಿ ಸ್ಕ್ರಿಪ್ಟ್ ಬರೆಯುವುದು ಅವಳ ಕೆಲಸ, ಅದರಲ್ಲೂ ವಿಮೆಯ ಜಾಹೀರಾತು ಬಂದರೆ ಕಣ್ಣುಮುಚ್ಚಿ ಅವಳ ಮೇಜಿಗೆ ತಂದು ಹಾಕುತ್ತಿದ್ದರು. ಹಾಗೆ ಬಂದ ಪ್ರತಿ ಜಾಹೀರಾತಿನಲ್ಲೂ ಒಬ್ಬ ಅಪ್ಪನನ್ನು ಅವಳು ಸಾಯಿಸಿಯೇ ತೀರುತ್ತಿದ್ದಳು. ಸೈಕಲ್ ಕಲಿಸಿದ ಅಪ್ಪ, ಶೂ ಪಾಲಿಶ್ ಮಾಡಿಕೊಟ್ಟ ಅಪ್ಪ, ಮಳೆಯಲ್ಲಿ ಛತ್ರಿ ಮಗಳ ಕಡೆಗೇ ಬಾಗಿಸಿ ಹಿಡಿದ ಅಪ್ಪ, ಎಲ್ಲರೂ ಅರ್ಧ ನಿಮಿಷ ನಕ್ಕು ಗೋಡೆಯ ಮೇಲೆ ಫೋಟೋ ಆಗಿಬಿಡುತ್ತಿದ್ದರು. ನೋಡಿದವರು ಮೂಗು ಒರೆಸಿಕೊಂಡು ಪಾಲಿಸಿ ಕೊಳ್ಳುತ್ತಿದ್ದರು. ಅಪ್ಪನ ಪಾತ್ರ ಮಾಡುವ ಒಬ್ಬ ನಟನಂತೂ ಅವಳನ್ನು ಕಂಡರೆ, "ಅಕ್ಕಾ, ಈ ಸಲ ಸಂಭಾಷಣೆ ಮುಗಿಯೋವರೆಗಾದ್ರೂ ಉಸಿರು ಇಟ್ಟಿರಿ" ಎಂದು ಕೈ ಮುಗಿಯುತ್ತಿದ್ದ.

ಬರೆದದ್ದನ್ನು ಪರೀಕ್ಷೆ ಮಾಡಲು ಅವಳದೇ ಒಂದು ಪದ್ಧತಿ ಇತ್ತು. ಊಟ ಮುಗಿದ ಮೇಲೆ ಮನೆಯವರನ್ನು ಸೋಫಾದ ಮೇಲೆ ಕೂರಿಸಿ ಸ್ಕ್ರಿಪ್ಟನ್ನು ಗಟ್ಟಿಯಾಗಿ ಓದುವುದು. ಮನೆಯವರು ಎಂದರೆ ಇಬ್ಬರು. ಒಬ್ಬ ಗಂಡ, ಬೀದಿ ಕೊನೆಯಲ್ಲಿ ಬೇಕರಿ ನಡೆಸುವವನು. ಅವನ ಕಣ್ಣೀರಿಗೆ ಬೆಲೆಯೇ ಇರಲಿಲ್ಲ, ಸೋಪಿನ ಜಾಹೀರಾತಿಗೂ ಅಳುವ ಪ್ರಾಣಿ ಅದು. ಇನ್ನೊಬ್ಬರು ಅವಳ ಅಪ್ಪ. ಬದುಕಿನ ಬಹುಭಾಗವನ್ನು ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ, ಕಲಿಯುವವರ ಪಕ್ಕದ ಸೀಟಿನಲ್ಲಿ ಕಳೆದವರು. ಆ ಕಾರುಗಳಲ್ಲಿ ಮೇಷ್ಟ್ರ ಕಾಲಿನ ಕೆಳಗೂ ಒಂದು ಬ್ರೇಕ್ ಇರುತ್ತದೆ. ಎಷ್ಟೋ ಲೈಟ್ ಕಂಬಗಳು, ಎಷ್ಟೋ ಬೀದಿನಾಯಿಗಳು ಅವರ ಬಲಗಾಲಿನಿಂದ ಬದುಕಿ ಉಳಿದಿದ್ದವು. ಮೇಷ್ಟ್ರು ಅಳುವ ಜಾತಿಯಲ್ಲ. ಆದರೆ ಮನಸ್ಸಿಗೆ ಏನಾದರೂ ತಟ್ಟಿದರೆ ಸೋಫಾದ ಮೇಲೆ ಕೂತಲ್ಲೇ ಬಲಗಾಲು ನೆಲವನ್ನು ಒತ್ತಿಬಿಡುತ್ತಿತ್ತು. ಅವರಿಗೇ ಗೊತ್ತಾಗುತ್ತಿರಲಿಲ್ಲ. ಯಮಕ್ಕನಿಗೆ ಗೊತ್ತಿತ್ತು, ಅವಳ ಕಣ್ಣು ಅಪ್ಪನ ಮುಖದ ಮೇಲೆ ಇರುತ್ತಿರಲಿಲ್ಲ, ಪಾದದ ಮೇಲಿರುತ್ತಿತ್ತು.

ಈ ಸಲ ಬಂದದ್ದು ಕುಟುಂಬದ ಆರೋಗ್ಯ ವಿಮೆ. ಒಂದೇ ಪಾಲಿಸಿ, ಒಂದೇ ಮೊತ್ತ, ಅದರಡಿಯಲ್ಲಿ ಇಡೀ ಮನೆ. ಯಾರು ಆಸ್ಪತ್ರೆ ಸೇರಿದರೂ ಆ ಮೊತ್ತದಿಂದಲೇ ಖರ್ಚು. ಮೊದಲು ಬರೆದ ಸ್ಕ್ರಿಪ್ಟನ್ನು ವಿಮೆ ಕಂಪನಿಯವರು ವಾಪಸ್ ಕಳಿಸಿದ್ದರು. ಅದರಲ್ಲಿ ಅಭ್ಯಾಸಬಲದಿಂದ ಅಪ್ಪ ಸತ್ತಿದ್ದ.

"ತಾಯಿ, ಇದು ಜೀವವಿಮೆ ಅಲ್ಲ, ಆರೋಗ್ಯ ವಿಮೆ. ಮನುಷ್ಯ ಆಸ್ಪತ್ರೆಯಿಂದ ಎದ್ದು ಮನೆಗೆ ಬರಬೇಕು" ಎಂದು ಆಫೀಸಿನ ಯಜಮಾನ ತಲೆ ಚಚ್ಚಿಕೊಂಡ. "ಇನ್ನೊಂದು ಸಲ ತಪ್ಪಿದ್ರೆ ಈ ಕೆಲಸ ಬೇರೆ ಕಂಪನಿಗೆ ಹೋಗುತ್ತೆ. ಅದು ಹೋದ್ರೆ ನಿನ್ನನ್ನ ಇಟ್ಕೊಳ್ಳೋದು ನನಗೆ ಕಷ್ಟ. ಮುಚ್ಚುಮರೆ ಯಾಕೆ, ಈಗಲೇ ಹೇಳಿಬಿಡ್ತೀನಿ."

ಯಮಕ್ಕನಿಗೆ ಊಟ ಸೇರಲಿಲ್ಲ. ಇಷ್ಟು ವರ್ಷ ಸಾಯಿಸಿ ಸಾಯಿಸಿ ಕೈ ಪಳಗಿತ್ತು, ಬದುಕಿಸುವುದು ಹೇಗೆಂದೇ ಮರೆತುಹೋಗಿತ್ತು. ಕೊನೆಗೆ ಒಂದು ಕಥೆ ಹೊಳೆಯಿತು. ಒಬ್ಬ ಅಪ್ಪನಿಗೆ ಸಕ್ಕರೆ ಕಾಯಿಲೆ. ಮಗಳಿಗೆ ಚಿಂತೆಯಾಗಬಾರದೆಂದು ವರ್ಷಗಟ್ಟಲೆ ಮುಚ್ಚಿಡುತ್ತಾನೆ, ಮಾತ್ರೆಗಳನ್ನು ಕನ್ನಡಕದ ಡಬ್ಬಿಯಲ್ಲಿ ಅಡಗಿಸುತ್ತಾನೆ. ಒಂದು ದಿನ ಕುಸಿದು ಬೀಳುತ್ತಾನೆ. ಆಸ್ಪತ್ರೆ. ಮಗಳಿಗೆ ಡಬ್ಬಿ ಸಿಗುತ್ತದೆ. ಅಪ್ಪ ಕಣ್ಣು ಬಿಟ್ಟು, "ನಿನಗೆ ಭಾರ ಆಗಬಾರದು ಅಂತ" ಎನ್ನುತ್ತಾನೆ. ಆಗ ತೆರೆಯ ಮೇಲೆ ಬರೆಹ: ಭಾರ ನಮ್ಮದು.

ಸೋಫಾದ ಮೇಲೆ ಪರೀಕ್ಷೆ ನಡೆಯಿತು. ಗಂಡ ಎಂದಿನಂತೆ ಟವೆಲ್ ಹಿಡಿದೇ ಕೂತಿದ್ದ. ಆದರೆ ಈ ಸಲ ಅವನು ಅಳಲಿಲ್ಲ, ಮಾವನ ಮುಖವನ್ನೇ ನೋಡುತ್ತಿದ್ದ. ಕನ್ನಡಕದ ಡಬ್ಬಿಯ ಮಾತು ಬಂದಾಗ ಮೇಷ್ಟ್ರ ಬಲಗಾಲು ನೆಲವನ್ನು ಒತ್ತಿತು. ಒತ್ತಿದ್ದು ಹಾಗೇ ಉಳಿಯಿತು, ಕಥೆ ಮುಗಿದರೂ ಮೇಲೇಳಲಿಲ್ಲ.

"ಚೆನ್ನಾಗಿದೆ, ನಿದ್ದೆ ಬರ್ತಿದೆ" ಎಂದು ಎದ್ದು ಹೋದರು ಮೇಷ್ಟ್ರು.

ಯಮಕ್ಕ ಕುಣಿಯುವುದೊಂದು ಬಾಕಿ. ಅಪ್ಪನಿಂದ ಅಂಥಾ ಬ್ರೇಕ್ ಬಿದ್ದದ್ದು ಇದೇ ಮೊದಲು. ಎದೆಗೇ ತಟ್ಟಿದೆ ಎಂದುಕೊಂಡಳು. ಗಂಡ ಏನನ್ನೋ ಹೇಳಲು ಬಾಯಿ ತೆರೆದು, ಆಮೇಲೆ ಟವೆಲನ್ನೇ ಮಡಿಚಿ ಮಡಿಚಿ ಬಿಸ್ಕತ್ತಿನಷ್ಟು ಮಾಡಿ ಹೊರಟುಹೋದ. ಇಷ್ಟು ಬುದ್ಧಿವಂತೆಗೆ ಆ ಹೊತ್ತು ಕಣ್ಣು ಎಲ್ಲಿತ್ತೋ.

ಮೀಟಿಂಗು ವಿಮೆ ಕಂಪನಿಯ ಕಟ್ಟಡದ ಗಾಜಿನ ಕೋಣೆಯಲ್ಲಿ. ಎಸಿ ಎಷ್ಟಿತ್ತೆಂದರೆ ಬಿಸ್ಕತ್ತೂ ನಡುಗುತ್ತಿತ್ತು. ಯಮಕ್ಕ ಓದಿದಳು. ಮಾರ್ಕೆಟಿಂಗ್ ಸಾಹೇಬರು ಅರ್ಧಕ್ಕೇ ಕನ್ನಡಕ ತೆಗೆದರು, ಕೊನೆಗೆ ಟಿಶ್ಯೂ ಕೇಳಿದರು. ಯಜಮಾನ ಮೇಜಿನ ಕೆಳಗಿಂದ ಹೆಬ್ಬೆರಳು ಎತ್ತಿ ತೋರಿಸಿದ. ಗೆದ್ದೆವು ಎನ್ನುವಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಮೇಡಂ ಕೆಮ್ಮಿದರು. ಜಾಹೀರಾತಿನಲ್ಲಿ ಕಂಪನಿ ಏನು ಹೇಳಬಹುದು, ಏನು ಹೇಳಬಾರದು ಎಂದು ನಿಯಮ ನೋಡುವುದು ಇವರ ಕೆಲಸ. ಕೆಂಪುಪೆನ್ನು ಎಂದರೆ ಇಡೀ ಕಟ್ಟಡಕ್ಕೆ ಗೊತ್ತು.

"ಒಂದು ಪ್ರಶ್ನೆ" ಎಂದರು ಕೆಂಪುಪೆನ್ನಿನ ಮೇಡಂ. "ಈ ಅಪ್ಪ ಕಾಯಿಲೆ ವಿಷಯ ಮಗಳಿಗೆ ಹೇಳಿಲ್ಲ. ಸರಿ. ನಮಗೆ ಹೇಳಿದ್ರಾ?"

"ಅಂದ್ರೆ?" ಎಂದಳು ಯಮಕ್ಕ.

"ಪಾಲಿಸಿ ಕೊಡೋ ಮುಂಚೆ ನಾವು ಮನೆಯ ಪ್ರತಿಯೊಬ್ಬರ ಬಗ್ಗೆ ಕೇಳ್ತೀವಿ. ಯಾವ ಕಾಯಿಲೆ ಇದೆ, ಯಾವ ಮಾತ್ರೆ ತಗೋತಾರೆ ಅಂತ. ಪಾಲಿಸಿ ಮಾಡಿಸಿದವಳು ಮಗಳು. ಅವಳಿಗೇ ಗೊತ್ತಿಲ್ಲ ಅಂದ್ಮೇಲೆ 'ಏನೂ ಇಲ್ಲ' ಅಂತ ಬರೆಸಿರ್ತಾಳೆ. ಆಮೇಲೆ ಅದೇ ಕಾಯಿಲೆಯಿಂದ ಆಸ್ಪತ್ರೆಗೆ ಬಂದ್ರೆ, ಡಾಕ್ಟರು ಎಷ್ಟು ವರ್ಷದಿಂದ ಶುಗರ್ ಅಂತ ಕೇಳಿ ಬರೀತಾರೆ. ಮುಚ್ಚಿಟ್ಟಿದ್ದು ಅಂತ ಗೊತ್ತಾದ್ರೆ ಕ್ಲೇಮ್ ತಿರಸ್ಕಾರ ಆಗಬಹುದು. ಪಾಲಿಸಿನೇ ರದ್ದಾಗಬಹುದು. ನೀವು ತೆರೆ ಮೇಲೆ 'ಭಾರ ನಮ್ಮದು' ಅಂತ ಬರೀತಿದ್ದೀರಿ. ಈ ಕಥೆಯಲ್ಲಿ ಭಾರ ಪೂರ್ತಿ ಮಗಳದು."

ಮಾರ್ಕೆಟಿಂಗ್ ಸಾಹೇಬರು ಒರೆಸಿಕೊಂಡ ಟಿಶ್ಯೂವನ್ನು ಎಲ್ಲಿಡಬೇಕೆಂದು ತೋಚದೆ ಜೇಬಿಗೆ ಹಾಕಿಕೊಂಡರು.

"ಹಾಗಾದ್ರೆ ಹೇಳಿಬಿಟ್ಟಿದ್ರೆ?" ಯಮಕ್ಕನ ದನಿ ಸಣ್ಣದಾಗಿತ್ತು.

"ಹೇಳಿದ್ರೆ ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗಬಹುದು. ಆ ಕಾಯಿಲೆಗೆ ಮಾತ್ರ ಒಂದಷ್ಟು ಕಾಲ ಕಾಯಬೇಕಾಗಬಹುದು. ಆದ್ರೆ ಕಾದ ಮೇಲೆ ಕೈಬಿಡೋ ಹಾಗಿಲ್ಲ. ನೋಡಿಮ್ಮಾ, ಜನ ದುಡ್ಡು ಹೊಡೆಯೋಕೆ ಸುಳ್ಳು ಹೇಳ್ತಾರೆ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ನನ್ನ ಮುಂದೆ ಬರೋ ತಕರಾರುಗಳಲ್ಲಿ ಬಹಳಷ್ಟು ಪ್ರೀತಿಗೆ ಹೇಳಿದ ಸುಳ್ಳುಗಳೇ."

ನಾಡಿದ್ದಿನೊಳಗೆ ಹೊಸ ಸ್ಕ್ರಿಪ್ಟ್ ತರಬೇಕು, ಇಲ್ಲವಾದರೆ ನಮಸ್ಕಾರ ಎಂದಾಯಿತು. ಲಿಫ್ಟಿನಲ್ಲಿ ಯಜಮಾನ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಯಮಕ್ಕ ಮಾತ್ರ ಬೇರೆಯದೇ ಲೆಕ್ಕದಲ್ಲಿದ್ದಳು. ಕಣ್ಣಮುಂದೆ ಒಂದು ಪಾದ, ನೆಲವನ್ನು ಒತ್ತಿ ಮೇಲೇಳದ ಪಾದ. ಅಪ್ಪನಿಗೆ ಕಥೆ ಎದೆಗೆ ತಟ್ಟಿದ್ದಾದರೆ ಹಿಂದಿನ ಕಥೆಗಳಿಗೆ ಯಾಕೆ ಅಷ್ಟು ತಟ್ಟಲಿಲ್ಲ? ಅಷ್ಟು ಜನ ಸತ್ತಾಗ ಒತ್ತಿ ಬಿಟ್ಟ ಕಾಲು ಒಂದು ಕನ್ನಡಕದ ಡಬ್ಬಿಗೆ ಯಾಕೆ ಒತ್ತಿಯೇ ಉಳಿಯಿತು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಅಷ್ಟರಲ್ಲಿ ಇನ್ನೊಂದು ನೆನಪಾಯಿತು. ಈ ಪಾಲಿಸಿಯ ಬಗ್ಗೆ ಬರೆಯುತ್ತಾ ಬರೆಯುತ್ತಾ ಅವಳಿಗೇ ಆಸೆ ಹುಟ್ಟಿ, ಮೂವರಿಗೂ ಸೇರಿಸಿ ಅರ್ಜಿ ಹಾಕಿದ್ದಳು. ಏಜೆಂಟ್ ಮನೆಗೆ ಬಂದು ಒಬ್ಬೊಬ್ಬರನ್ನೇ ಕೇಳಿದಾಗ ಮೇಷ್ಟ್ರು, "ನಾನಾ? ಗುಂಡುಕಲ್ಲು!" ಎಂದು ಎದೆ ತಟ್ಟಿಕೊಂಡಿದ್ದರು. ವಯಸ್ಸಾದವರಿಗೆ ರಕ್ತಪರೀಕ್ಷೆ ಆಗಬೇಕು, ಆಮೇಲೇ ಪಾಲಿಸಿ ಎಂದು ಏಜೆಂಟ್ ಹೇಳಿ ಹೋಗಿದ್ದ. ರಕ್ತ ತೆಗೆಯುವವಳು ಬಂದಾಗ ಗುಂಡುಕಲ್ಲು ಹಿತ್ತಲ ಬಾಗಿಲಿನಿಂದ ಉರುಳಿಹೋಗಿತ್ತು. ಮತ್ತೊಂದು ಸಲ ಬಂದಾಗ ಬೆಳಿಗ್ಗೆಯೇ ಬನ್ ತಿಂದು ಕೂತು, "ಅಯ್ಯೋ, ಖಾಲಿ ಹೊಟ್ಟೆ ಅಂತ ಮರೆತೇಹೋಯ್ತಲ್ಲಮ್ಮಾ" ಎಂದಿತ್ತು. ಅಪ್ಪನಿಗೆ ಸೂಜಿ ಎಂದರೆ ಭಯ ಎಂದು ಇವಳು ನಕ್ಕಿದ್ದಳು. ಕಳ್ಳನಿಗೊಂದು ಪಿಳ್ಳೆ ನೆವ, ನಂಬುವುದಕ್ಕೆ ಮಗಳು.

ಬಸ್ಸಿನಿಂದ ಇಳಿದವಳು ಮನೆಗೆ ಹೋಗಲಿಲ್ಲ. ಹೇಳಲು ಬಾಯಿ ತೆರೆದು ಟವೆಲ್ ಮಡಿಚಿದ ಗಂಡ ನೆನಪಾಗಿ ನೆಟ್ಟಗೆ ಬೇಕರಿಗೆ ಹೋದಳು, ಅದೂ ಹಿಂದಿನ ಬಾಗಿಲಿನಿಂದ. ಒಳಗೆ ಒಲೆಯ ಬಿಸಿ, ಹಿಟ್ಟಿನ ಧೂಳು. ಮೇಷ್ಟ್ರು ಮೈದಾ ಮೂಟೆಯ ಮೇಲೆ ರಾಜನ ಹಾಗೆ ಕೂತಿದ್ದರು. ಅಳಿಯ ಈಸ್ಟ್ ಡಬ್ಬಿಯೊಳಗಿಂದ ಒಂದು ಮಾತ್ರೆಯ ಪಟ್ಟಿ ತೆಗೆದು, ಒಂದನ್ನು ಒತ್ತಿ ಬಿಡಿಸಿ, ನೀರಿನ ಲೋಟದ ಜೊತೆ ಮಾವನ ಕೈಗೆ ಕೊಡುತ್ತಿದ್ದ. ಪಕ್ಕದಲ್ಲಿ ತಟ್ಟೆಯಲ್ಲಿ ಒಂದು ಬನ್ನು.

"ಸಕ್ಕರೆ ಹಾಕಿಲ್ಲ, ನಿಜವಾಗ್ಲೂ" ಎಂದ ಗಂಡ, ಅವಳನ್ನು ಕಂಡ ತಕ್ಷಣ. ಕೇಳುವ ಮೊದಲೇ ಉತ್ತರ ಕೊಡುವ ಕಳ್ಳನನ್ನು ಅವಳು ಮೊದಲ ಬಾರಿ ನೋಡಿದ್ದಳು.

"ಎಷ್ಟು ದಿನದಿಂದ ನಡೀತಿದೆ ಈ ನಾಟಕ?"

ಮಾವ ಅಳಿಯನನ್ನು ನೋಡಿದರು, ಅಳಿಯ ಒಲೆಯನ್ನು ನೋಡಿದ. ಒಲೆಗೆ ನೋಡಲು ಯಾರೂ ಇರಲಿಲ್ಲ.

"ಹೋದ ವರ್ಷದಿಂದ" ಎಂದರು ಮೇಷ್ಟ್ರು. "ಅವನ ತಪ್ಪಿಲ್ಲ ಕಣೇ. ನಾನೇ ಆಣೆ ಹಾಕಿಸಿದ್ದೆ. ಡಾಕ್ಟರ ಹತ್ತಿರ ಅವನೇ ಕರ್ಕೊಂಡು ಹೋಗ್ತಾನೆ, ವಾಕಿಂಗ್ ಅಂತ ಹೇಳಿ. ಎಲ್ಲಾ ಕಂಟ್ರೋಲಲ್ಲಿದೆ."

"ನನಗೆ ಯಾಕೆ ಹೇಳಲಿಲ್ಲ ಅಪ್ಪಾ?"

ಮೇಷ್ಟ್ರು ಮಾತ್ರೆ ನುಂಗಿ, ಲೋಟ ಕೆಳಗಿಟ್ಟರು. "ನಿಮ್ಮಮ್ಮ ಆಸ್ಪತ್ರೆಯಲ್ಲಿ ಇದ್ದಾಗ ನೀನು ಆ ಬೆಂಚಿನ ಮೇಲೆ ಮಲಗಿದ್ದೆ, ನೆನಪಿದೆಯಾ? ಬ್ಯಾಗು ತಲೆದಿಂಬು ಮಾಡ್ಕೊಂಡು. ಅದನ್ನ ನೋಡಿದ ಮೇಲೆ ನನ್ನ ವಿಷಯದಲ್ಲಿ ನೀನು ಮತ್ತೆ ಬೆಂಚು ಹತ್ತಬಾರದು ಅನ್ನಿಸ್ತು. ಅಷ್ಟೇ."

ಊರವರನ್ನೆಲ್ಲ ಅಳಿಸಿದ ಯಮಕ್ಕ ಮೈದಾ ಮೂಟೆಗೆ ಒರಗಿ ಹೋ ಎಂದು ಅತ್ತಳು. ಸಿಟ್ಟಿಗೆ ಅತ್ತಳು, ಪ್ರೀತಿಗೆ ಅತ್ತಳು, ತಾನು ಬರೆದ ಸುಳ್ಳು ಕಥೆ ತನ್ನ ಮನೆಯಲ್ಲೇ ಬಾಡಿಗೆ ಕೊಡದೆ ವಾಸವಾಗಿದ್ದದ್ದು ಗೊತ್ತಾಗಲಿಲ್ಲವಲ್ಲಾ ಎಂದು ಅತ್ತಳು. ಗಂಡ ಓಡಿಬಂದು ಕಣ್ಣು ಒರೆಸಿದ, ಮುಖಕ್ಕೆಲ್ಲ ಹಿಟ್ಟು ಮೆತ್ತಿತು. ಮೇಷ್ಟ್ರು ಅವಳ ಮುಖ ನೋಡಿ ತಡೆಯಲಾರದೆ ನಕ್ಕುಬಿಟ್ಟರು.

"ನಗಬೇಡಿ!" ಎಂದು ಗದರಿದಳು. "ನೀವು ಮುಚ್ಚಿಟ್ಟು ನಾಳೆ ಆಸ್ಪತ್ರೆ ಸೇರಿದ್ರೆ ನಾನು ಬೆಂಚಿನ ಮೇಲೆ ಮಲಗೋದಲ್ಲ, ಬೆಂಚನ್ನೇ ಮಾರಬೇಕಾಗುತ್ತೆ. ಪಾಲಿಸಿ ಇದ್ದೂ ಇಲ್ಲದ ಹಾಗೆ!" ಆಮೇಲೆ ಕೆಂಪುಪೆನ್ನಿನ ಮೇಡಂ ಹೇಳಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಮೇಷ್ಟ್ರು ಗಮನವಿಟ್ಟು ಕೇಳಿದರು. ಬಲಗಾಲು ನಿಧಾನವಾಗಿ ನೆಲ ಒತ್ತಿತು.

"ಅಂದ್ರೆ ನಾನು ನಿನ್ನನ್ನ ಬೆಂಚಿನಿಂದ ಇಳಿಸ್ತಿದ್ದೀನಿ ಅಂದ್ಕೊಂಡು ಹತ್ತಿಸ್ತಿದ್ದೆ" ಎಂದರು. "ಏಜೆಂಟಿಗೆ ಫೋನ್ ಹಚ್ಚು. ಪೂರ್ತಿ ತಿದ್ದಿಸೋಣ."

ಏಜೆಂಟ್ ಸಂಜೆಯೇ ಬಂದ. ಅರ್ಜಿ ಇನ್ನೂ ಪಾಸಾಗಿಲ್ಲ, ಈಗ ತಿದ್ದಿದರೆ ಏನೂ ತೊಂದರೆಯಿಲ್ಲ, ಆದರೆ ಈ ಸಲ ಯಾರೂ ಏನನ್ನೂ ಬಿಡಬಾರದು ಎಂದ. ಆಮೇಲೆ ನಡೆದದ್ದು ಅರ್ಜಿ ತುಂಬುವುದಲ್ಲ, ಸಂತೆ. ಮೇಷ್ಟ್ರು ಶುಗರ್ ಒಪ್ಪಿಕೊಂಡರು. ಸ್ಫೂರ್ತಿ ಬಂದ ಗಂಡ ತನಗೆ ಆರು ತಿಂಗಳಿಂದ ಬಿಪಿ ಇದೆ, ಮಾತ್ರೆ ಅದೇ ಈಸ್ಟ್ ಡಬ್ಬಿಯಲ್ಲಿದೆ ಎಂದ. "ಅಯ್ಯೋ ದ್ರೋಹಿ, ಅದು ನನ್ನ ಡಬ್ಬಿ!" ಎಂದರು ಮಾವ. ಇಬ್ಬರೂ ಸೇರಿ ಯಮಕ್ಕನ ಕಡೆ ತಿರುಗಿದರು. ಅವಳು ಸೀಲಿಂಗ್ ಫ್ಯಾನ್ ನೋಡುತ್ತಾ ಒಪ್ಪಿಕೊಂಡಳು. ಮೈಗ್ರೇನಿಗೆ ಮಾತ್ರೆ ತಗೊಳ್ಳುತ್ತಿರುವುದು, ಸ್ಕ್ಯಾನಿನಲ್ಲಿ ಪಿತ್ತಕೋಶದಲ್ಲಿ ಒಂದು ಸಣ್ಣ ಕಲ್ಲು ಕಂಡದ್ದು, ಎರಡನ್ನೂ ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

"ಗುಂಡುಕಲ್ಲು ಅಂತ ನಾನು ಬಾಯಲ್ಲಿ ಹೇಳಿದ್ದೆ, ಇವಳು ಹೊಟ್ಟೆಯಲ್ಲೇ ಇಟ್ಕೊಂಡಿದ್ದಾಳೆ!" ಎಂದರು ಮೇಷ್ಟ್ರು. ಏಜೆಂಟ್ ಪೆನ್ನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ.

ಆ ನಗುವಿನ ಮಧ್ಯೆಯೇ ಯಮಕ್ಕನಿಗೆ ತನ್ನ ಸ್ಕ್ರಿಪ್ಟ್ ಸಿಕ್ಕಿತು. ಬೆಳಗಾಗುವುದರೊಳಗೆ ಬರೆದು ಮುಗಿಸಿ, ಗಾಜಿನ ಕೋಣೆಯಲ್ಲಿ ನಿಂತು ಓದಿದಳು.

ದೃಶ್ಯ: ಒಂದು ಮನೆಯ ಊಟದ ಮೇಜು. ಅಪ್ಪ, ಮಗಳು, ಅಳಿಯ. ಎದುರಿಗೆ ವಿಮೆ ಏಜೆಂಟ್.

ಏಜೆಂಟ್: ಯಾರಿಗಾದರೂ ಏನಾದರೂ ಕಾಯಿಲೆ?

ಮೂವರೂ ಒಟ್ಟಿಗೆ: ಏನೂ ಇಲ್ಲ!

ಮಗಳು ಅಪ್ಪನ ಕನ್ನಡಕದ ಡಬ್ಬಿ ಎತ್ತಿ ಅಲುಗಿಸುತ್ತಾಳೆ. ಒಳಗೆ ಗಲಗಲ ಸದ್ದು.

ಅಪ್ಪ: (ತಲೆ ಕೆರೆದುಕೊಳ್ಳುತ್ತಾ) ನಿನಗೆ ಚಿಂತೆ ಆಗಬಾರದು ಅಂತ...

ಮಗಳು ಡಬ್ಬಿಯನ್ನು ಮೇಜಿನ ನಡುವೆ ಇಡುತ್ತಾಳೆ. ತನ್ನ ಪರ್ಸಿನಿಂದ ಒಂದು ಮಾತ್ರೆಯ ಪಟ್ಟಿ ತೆಗೆದು ಅದರ ಪಕ್ಕ ಇಡುತ್ತಾಳೆ.

ಮಗಳು: ನಿಮಗೆ ಚಿಂತೆ ಆಗಬಾರದು ಅಂತ.

ಇಬ್ಬರೂ ಅಳಿಯನ ಕಡೆ ನೋಡುತ್ತಾರೆ. ಅಳಿಯ ನಿಟ್ಟುಸಿರು ಬಿಟ್ಟು ಎರಡೂ ಜೇಬು ಖಾಲಿ ಮಾಡುತ್ತಾನೆ. ನಗು. ಅಪ್ಪ ಮಗಳ ಕೈ ಹಿಡಿದುಕೊಳ್ಳುತ್ತಾನೆ.

ಧ್ವನಿ: ಪ್ರೀತಿ ಎಷ್ಟೋ ವಿಷಯ ಮುಚ್ಚಿಡುತ್ತದೆ. ವಿಮೆಗೆ ಮಾತ್ರ ಎಲ್ಲವೂ ಗೊತ್ತಿರಲಿ. ಇವತ್ತು ಸಂಜೆ ಮನೆಯವರ ಜೊತೆ ಕೂತು ಒಮ್ಮೆ ಮಾತಾಡಿ. ಆಮೇಲೆ ನಮ್ಮ ಜೊತೆಗೂ. ಎಲ್ಲ ಖರ್ಚೂ ನಾವು ನೋಡಿಕೊಳ್ಳುತ್ತೇವೆ.

ಮಾರ್ಕೆಟಿಂಗ್ ಸಾಹೇಬರು ನಗುತ್ತಾ ನಗುತ್ತಾ ಟಿಶ್ಯೂ ಕೇಳಿದರು. ಎಲ್ಲರೂ ಮೂಲೆಯ ಕಡೆ ನೋಡಿದರು. ಕೆಂಪುಪೆನ್ನು ಕೊನೆಯ ಸಾಲಿನ ಮೇಲೆ ಇಳಿಯಿತು, ಸಾಲು ಪೂರ್ತಿ ಹೋಯಿತು. "ಎಲ್ಲ ಖರ್ಚೂ ಅಂತ ನಾವು ಮಾತು ಕೊಡೋ ಹಾಗಿಲ್ಲ, ಪಾಲಿಸಿಯಲ್ಲಿ ಇದ್ದಷ್ಟು ಮಾತ್ರ. ಷರತ್ತುಗಳನ್ನ ಓದಿ ಅನ್ನೋ ಸಾಲು ಕೆಳಗೆ ಹಾಕಿ, ಕಣ್ಣಿಗೆ ಕಾಣೋ ಹಾಗೆ" ಎಂದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ, ಯಾರಿಗೂ ಕೇಳದ ಹಾಗೆ, "ನಾನೂ ಇವತ್ತು ನಮ್ಮ ಮನೆಯವರನ್ನ ಕೇಳಬೇಕು" ಎಂದರು. ಯಮಕ್ಕನಿಗೆ ಕೇಳಿಸಿತು. ಕೆಲಸವೂ ಉಳಿಯಿತು.

ಪಾಲಿಸಿಯೂ ಬಂತು. ಪ್ರೀಮಿಯಂ ಹೆಚ್ಚೇ ಆಯಿತು, ಶುಗರಿನ ಮಟ್ಟಿಗೆ ಕಾಯುವ ಅವಧಿಯೂ ಬಂತು. ಮೇಷ್ಟ್ರು ಗೊಣಗುತ್ತಾ ರಕ್ತ ಕೊಟ್ಟರು, ಸೂಜಿಗೆ ಒಂದಿಷ್ಟೂ ಹೆದರಲಿಲ್ಲ.

ಜಾಹೀರಾತು ಟಿವಿಯಲ್ಲಿ ಬಂದ ಸಂಜೆ ಮೂವರೂ ಸೋಫಾದ ಮೇಲೆ ಕೂತಿದ್ದರು. ಅಪ್ಪನ ಪಾತ್ರದಲ್ಲಿ ಅದೇ ನಟ, ಕೊನೆಯವರೆಗೂ ಬದುಕಿದ್ದ. "ಮನೆಯವರ ಜೊತೆ ಕೂತು ಒಮ್ಮೆ ಮಾತಾಡಿ" ಎಂದಿತು ಟಿವಿ.

"ಮಾತಾಡಿದ್ದೀವಪ್ಪಾ, ಮಾತಾಡಿದ್ದೀವಿ!" ಎಂದು ಮೇಷ್ಟ್ರು ಟಿವಿಗೇ ಉತ್ತರ ಕೊಟ್ಟರು. ಆಮೇಲೆ ಗಂಟಲು ಸರಿಮಾಡಿಕೊಂಡರು. "ಇನ್ನೊಂದು ವಿಷಯ ಇದೆ."

ಯಮಕ್ಕನ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿತು.

"ಬಲಗಣ್ಣು ಸ್ವಲ್ಪ ಮಂಜಾಗ್ತಿದೆ. ಹಳೇದಲ್ಲ, ಈ ವಾರದ್ದು. ಬೇಕಾದ್ರೆ ನಿನ್ನ ಕೆಂಪುಪೆನ್ನಿಗೂ ಹೇಳು." ಜೇಬಿನಿಂದ ತಮ್ಮ ಹಳೇ ಕಾರಿನ ಕೀಲಿ ತೆಗೆದು, ಯಾರಿಗೂ ಕೊಡದೆ ಕಾಪಾಡಿಕೊಂಡು ಬಂದಿದ್ದ ಆ ಕೀಲಿಯನ್ನು, ಮಗಳ ಅಂಗೈಯಲ್ಲಿಟ್ಟರು. "ನಾಳೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀಯಾ? ನೀನೇ ಓಡಿಸು."

ಮರುದಿನ ಅವಳೇ ಓಡಿಸಿದಳು. ಮೇಷ್ಟ್ರು ಪಕ್ಕದ ಸೀಟಿನಲ್ಲಿ ಕೂತು, ದಾರಿಯುದ್ದಕ್ಕೂ ಸಿಕ್ಕ ನಾಯಿ, ಕಂಬ, ಸೈಕಲ್ಲುಗಳಿಗೆಲ್ಲ ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇದ್ದರು. ಅಮ್ಮ ಇದ್ದ ಅದೇ ಆಸ್ಪತ್ರೆಯ ಬಾಗಿಲು ಬಂದಾಗ ಇಬ್ಬರ ಕಾಲೂ ಒಟ್ಟಿಗೆ ಒತ್ತಿದವು. ಒಳಗೆ ಹೋಗಿ ಅದೇ ಬೆಂಚಿನ ಮೇಲೆ ಇಬ್ಬರೂ ಪಕ್ಕಪಕ್ಕ ಕೂತರು.